ಕಥೆಯ ಕರಡಿನಲ್ಲಿ ಕಾಲ ಜಾರಿದಾಗ, ನೋಟ ಬದಲಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಮಾತಿನಲ್ಲಿ ಕಥೆ ಬರೆಯುವವರಿಗೂ ಅಂಥ ಕರಡು ತಿದ್ದುವವರಿಗೂ ಈ ಪುಟ. ಇಲ್ಲಿ ಕಾಲ ಎಂದರೆ ಕ್ರಿಯಾಪದದ ಕಾಲ, ನೋಟ ಎಂದರೆ ಕಥೆ ಯಾರ ಕಣ್ಣು, ಯಾರ ಮನಸ್ಸಿನ ಮೂಲಕ ನಡೆಯುತ್ತದೆ ಎಂಬುದು. ನಿರೂಪಕ ಪೂರ್ತಿ ಗ್ರಾಂಥಿಕ ಕನ್ನಡದಲ್ಲಿ ಮಾತಾಡುವ ಕಥೆಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ. ಆದರೆ ತಿದ್ದುವವರ ಕೈ ಹೆಚ್ಚು ತಪ್ಪುವುದು ಆಡುಮಾತಿನ ನಿರೂಪಕನ ವಿಷಯದಲ್ಲೇ.

ಕಾಲ ಜಾರುವುದು ಅಂದರೆ ಏನು? ಕಥೆಯಲ್ಲಿ ಕಾಲ ಬದಲಾಗಲೇಬಾರದೆ?

ಬದಲಾಗಬಹುದು. ಕಾರಣವಿಲ್ಲದೆ ಬದಲಾದರೆ ಮಾತ್ರ ಅದನ್ನು ಜಾರಿದ್ದು ಅನ್ನಬೇಕು. ‘ಆಕೆ ಬಾಗಿಲು ತೆಗೆದಳು, ಹೊರಗೆ ನೋಡಿದಳು, ಯಾರೂ ಕಾಣುವುದಿಲ್ಲ’ ಎಂಬಲ್ಲಿ ಮೂರನೆಯ ಕ್ರಿಯಾಪದ ಜಾರಿದೆ. ಬರೆಯುವಾಗ ದೃಶ್ಯ ಕಣ್ಣೆದುರಿಗೆ ಬಂದುಬಿಟ್ಟಿದೆ, ಕೈ ವರ್ತಮಾನಕ್ಕೆ ಹೊರಳಿದೆ. ಒಂದೇ ದಿನ ಕೂತು ಬರೆದ ಪುಟದಲ್ಲಿ ಇದು ಕಡಿಮೆ. ಬಿಟ್ಟು ಬಿಟ್ಟು ಬರೆದ ಕಡೆ, ಅಂದರೆ ಹೊಸ ಪ್ಯಾರಾ ಶುರುವಾಗುವಲ್ಲಿ ಮತ್ತು ಉದ್ದನೆಯ ಸಂಭಾಷಣೆ ಮುಗಿದ ತಕ್ಷಣ ಬರುವ ವಾಕ್ಯದಲ್ಲಿ ಹೆಚ್ಚು. ಪಾತ್ರಗಳು ವರ್ತಮಾನದಲ್ಲಿ ಮಾತಾಡುತ್ತಿದ್ದ ಗುಂಗಿನಲ್ಲಿ ನಿರೂಪಕನೂ ಅದನ್ನೇ ಹಿಡಿದಿರುತ್ತಾನೆ. ಕರಡು ಕೈಗೆ ಬಂದಾಗ ಮೊದಲು ಆ ಎರಡು ಜಾಗ ನೋಡಿ.

ಎಲ್ಲಿಂದ ಶುರುಮಾಡಬೇಕು?

ಏನನ್ನೂ ತಿದ್ದದೆ ಒಮ್ಮೆ ಪೂರ್ತಿ ಓದಿ. ಎರಡನೆಯ ಓದಿನಲ್ಲಿ ಪ್ರತಿ ವಾಕ್ಯದ ಕೊನೆಯ ಕ್ರಿಯಾಪದಕ್ಕೆ ಮಾತ್ರ ಪೆನ್ಸಿಲ್‌ನಿಂದ ಅಡಿಗೆರೆ ಹಾಕಿ. ಉದ್ಧರಣ ಚಿಹ್ನೆಯ ಒಳಗಿನ ಮಾತನ್ನು ಬಿಡಿ. ನಾಲ್ಕೈದು ಪುಟ ಮುಗಿಯುವ ಹೊತ್ತಿಗೆ ಕಥೆ ಯಾವ ಕಾಲದ ಮೇಲೆ ನಿಂತಿದೆ ಎಂದು ಗೊತ್ತಾಗುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನೀಲವ್ವ ಎಂಬವಳ ಕಥೆಯಾದರೆ ಹೀಗೆ: ‘ಸಾದಾ ಭೂತಕಾಲ, ನೀಲವ್ವನ ನೋಟ, ನಿರೂಪಕ ಅರೆ ಆಡುಮಾತು, ಇರಲಿಲ್ಲ ಅನ್ನುವುದಿಲ್ಲ, ಇದ್ದಿಲ್ಲ ಅನ್ನುತ್ತಾನೆ.’ ಕೊನೆಯ ಮಾತು ಬಹಳ ಮುಖ್ಯ. ತಿದ್ದುವಾಗ ನಿಮ್ಮ ಬಾಯಿಗೆ ಬರುವ ರೂಪವಲ್ಲ, ಆ ನಿರೂಪಕ ಬೇರೆ ಕಡೆ ಬಳಸಿರುವ ರೂಪವೇ ಬರಬೇಕು. ಅದು ಯಾವುದೆಂದು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಹತ್ತನೆಯ ಪುಟದ ಹೊತ್ತಿಗೆ ಮರೆತಿರುತ್ತೀರಿ.

ಕೊನೆಯ ಕ್ರಿಯಾಪದ ಮಾತ್ರ ಯಾಕೆ? ಮಧ್ಯದಲ್ಲಿ ಬರುವ ‘ಬರುವ’, ‘ಹೋಗುತ್ತಾ’ ಇವೆಲ್ಲ?

ಅವನ್ನು ಮುಟ್ಟಬೇಡಿ. ಕನ್ನಡದಲ್ಲಿ ವಾಕ್ಯದ ಕಾಲವನ್ನು ಹೊರುವುದು ಕೊನೆಯ ಪೂರ್ಣ ಕ್ರಿಯಾಪದ. ‘ಗದಗಿನಿಂದ ಬರುವ ಬಸ್ಸಿಗಾಗಿ ಕಾಯುತ್ತಾ ನಿಂತಿದ್ದಳು’ ಎಂಬಲ್ಲಿ ‘ಬರುವ’ವೂ ‘ಕಾಯುತ್ತಾ’ವೂ ‘ನಿಂತಿದ್ದಳು’ ಹೇಳಿದ ಹೊತ್ತಿಗೆ ಹೊಂದಿಕೊಂಡು ನಡೆಯುತ್ತವೆ. ಭೂತಕಾಲದ ಕಥೆ ಎಂದು ‘ಬರುವ’ವನ್ನು ‘ಬಂದ’ ಮಾಡಿದರೆ ಬಸ್ಸು ಆಗಲೇ ಬಂದು ನಿಂತಂತಾಗಿ ಅರ್ಥವೇ ಕೆಡುತ್ತದೆ. ‘ಬೇಕು, ಬೇಡ, ಸಾಕು, ಅಲ್ಲ’ ಇವುಗಳಿಗೂ ‘ಅವಳ ಊರು ಅಣ್ಣಿಗೇರಿ’ಯಂಥ ಕ್ರಿಯಾಪದವಿಲ್ಲದ ವಾಕ್ಯಗಳಿಗೂ ಕಾಲದ ಗುರುತಿಲ್ಲ. ಭೂತಕಾಲದ ನಡುವೆಯೂ ಅವು ಸಲೀಸಾಗಿ ಕೂರುತ್ತವೆ. ಎಲ್ಲಕ್ಕೂ ‘ಆಗಿತ್ತು’ ಅಂಟಿಸುತ್ತಾ ಹೋದರೆ ಗದ್ಯ ಸರ್ಕಾರಿ ವರದಿಯಂತೆ ಕೇಳಿಸುತ್ತದೆ.

ಜಾರಿದ್ದು ಎಲ್ಲಿ ಕಣ್ಣಿಗೆ ಬೀಳುವುದಿಲ್ಲ?

‘ಇಲ್ಲ’ದಲ್ಲಿ. ‘ಬರುತ್ತಾನೆ’ ಎಂದು ತಪ್ಪಿ ಬರೆದರೆ ಯಾರಿಗಾದರೂ ಕಾಣುತ್ತದೆ. ‘ಬಂದಿಲ್ಲ’ ಕಾಣುವುದಿಲ್ಲ, ಅದರೊಳಗೆ ‘ಬಂದು’ ಇರುವುದರಿಂದ ಭೂತಕಾಲದ್ದೇ ಅನಿಸುತ್ತದೆ. ನಿಷೇಧದ ನಾಲ್ಕು ರೂಪಗಳನ್ನು ಬೇರೆ ಬೇರೆಯಾಗಿ ನೋಡಿ. ‘ಬರಲಿಲ್ಲ’ ಸಾದಾ ಭೂತ. ‘ಬಂದಿಲ್ಲ’ ಈ ಗಳಿಗೆಯವರೆಗೆ ಬಂದಿಲ್ಲ ಅನ್ನುವ ವರ್ತಮಾನದ ಲೆಕ್ಕ. ‘ಬಂದಿರಲಿಲ್ಲ’ ಆ ಹೊತ್ತಿನವರೆಗೆ ಬಂದಿರಲಿಲ್ಲ ಎಂಬುದು. ‘ಬರುವುದಿಲ್ಲ’ ಮುಂದಿನದು ಅಥವಾ ರೂಢಿ. ಭೂತಕಾಲದ ನಿರೂಪಣೆಯಲ್ಲಿ ಮೊದಲನೆಯದೂ ಮೂರನೆಯದೂ ಸಲ್ಲುತ್ತವೆ. ಎರಡನೆಯದೂ ನಾಲ್ಕನೆಯದೂ ಬಂದಿದ್ದರೆ ಅದು ಪಾತ್ರದ ಮನಸ್ಸಿನ ಮಾತೋ ಅಥವಾ ಜಾರಿದ್ದೋ ಎಂದು ಪರೀಕ್ಷಿಸಬೇಕು.

ನಮ್ಮ ಕಡೆಯ ಮಾತಿನಲ್ಲಿ ‘ಬಂದಿರಲಿಲ್ಲ’ಕ್ಕೆ ‘ಬಂದಿದ್ದಿಲ್ಲ’, ‘ಬರುತ್ತಿರಲಿಲ್ಲ’ಕ್ಕೆ ‘ಬರತಿದ್ದಿಲ್ಲ’, ‘ಬರುವುದಿಲ್ಲ’ಕ್ಕೆ ‘ಬರಂಗಿಲ್ಲ’. ನಿರೂಪಕ ಆಡುಮಾತಿನವನಾದರೆ ತಿದ್ದಿದ ರೂಪವೂ ಇವುಗಳಲ್ಲೇ ಒಂದಾಗಿರಬೇಕು. ‘ಬಂದಿಲ್ಲ’ವನ್ನು ‘ಬಂದಿರಲಿಲ್ಲ’ ಮಾಡಿದರೆ ಕಾಲ ಸರಿಹೋಯಿತು, ಆದರೆ ಆ ಒಂದು ಪದದ ಮಟ್ಟಿಗೆ ನಿರೂಪಕ ಬೇರೆಯವನಾದ.

ಕಣ್ಣಿಗೆ ಬೀಳದ ಇನ್ನೊಂದು ಜಾಗ ಒತ್ತಕ್ಷರ. ‘ಮಾಡಿದ’ ಮತ್ತು ‘ಮಾಡಿದ್ದ’ ನಡುವೆ ಇರುವುದು ಒಂದು ದಕಾರದ ಒತ್ತು. ಟೈಪ್ ಮಾಡುವಾಗ ಅದು ಬಿದ್ದರೂ ಹೆಚ್ಚಾದರೂ ಘಟನೆಗಳ ಹಿಂದುಮುಂದು ಅದಲುಬದಲಾಗುತ್ತದೆ. ‘ಮಾಡಿದ್ಲು’ ಎಂದು ಮೊಟಕಾಗಿ ಬರೆದಲ್ಲಂತೂ ‘ಮಾಡಿದಳು’ ಇರಬಹುದು, ‘ಮಾಡಿದ್ದಳು’ ಇರಬಹುದು. ಸಂದರ್ಭದಿಂದ ತಿಳಿಯದಿದ್ದರೆ ಬರೆದವರನ್ನೇ ಕೇಳಿ, ಊಹಿಸಬೇಡಿ.

‘ಬಂದಾನ’, ‘ಕುಂತಾನ’, ‘ಹೊಂಟಾಳ’ ಇವು ಯಾವ ಕಾಲ?

ಬೆಂಗಳೂರು, ಮೈಸೂರು ಕಡೆ ತಿದ್ದುವವರ ಕೈಯಲ್ಲಿ ಹೆಚ್ಚು ಪೆಟ್ಟು ತಿನ್ನುವ ರೂಪಗಳಿವು. ಗ್ರಾಂಥಿಕ ಕನ್ನಡದ ‘ಬಂದಾನು’ ಎಂದರೆ ಬಂದರೂ ಬರಬಹುದು ಎಂಬ ಸಂಭಾವನೆ. ಹುಬ್ಬಳ್ಳಿಯವರು ‘ಅಪ್ಪ ಬಂದಾನ’ ಅಂದರೆ ಅಪ್ಪ ಬಂದಿದ್ದಾನೆ, ಒಳಗೆ ಇದ್ದಾನೆ ಎಂದೇ ಅರ್ಥ. ಅದನ್ನು ‘ಬರಬಹುದು’ ಎಂದು ತಿದ್ದಿದರೆ ಮನೆಯೊಳಗೆ ಕೂತ ಮನುಷ್ಯ ದಾರಿಯಲ್ಲಿ ಉಳಿಯುತ್ತಾನೆ. ‘ಕುಂತಾನ’ ಅಂದರೆ ಕೂತಿದ್ದಾನೆ, ‘ಹೊಂಟಾಳ’ ಅಂದರೆ ಹೊರಟಿದ್ದಾಳೆ, ‘ಬರಾಕತ್ತಾನ’ ಅಂದರೆ ಬರುತ್ತಿದ್ದಾನೆ. ಎಲ್ಲವೂ ವರ್ತಮಾನದ ಕಡೆಯವು. ಆದ್ದರಿಂದ ಭೂತಕಾಲದ ಕಥೆಯಲ್ಲಿ ಕಾರಣವಿಲ್ಲದೆ ಬಂದರೆ ಅವೂ ಜಾರಿದವೇ. ತಿದ್ದುವುದು ಸುಲಭ: ಕುಂತಿದ್ದ, ಹೊಂಟಿದ್ದಳು, ಬರಾಕತ್ತಿದ್ದ.

ಧಾರವಾಡ ಪೇಟೆಯ ಕೆಲವರು ‘ಬರಲಿಕ್ಕೆ ಹತ್ತಿದ್ದ’ ಅನ್ನುತ್ತಾರೆ, ಹಳ್ಳಿಯ ಕಡೆ ‘ಬರಾಕತ್ತಿದ್ದ’. ನಿರೂಪಕ ಯಾವುದನ್ನು ಹಿಡಿದಿದ್ದಾನೋ ಅದೇ ಇರಲಿ. ಒಂದನ್ನು ಇನ್ನೊಂದಕ್ಕೆ ಬದಲಿಸುವುದು ಕಾಲದ ತಿದ್ದುಪಡಿಯಲ್ಲ. ಅದು ಜನ ಬದಲಿಸಿದಂತೆ, ಓಣಿ ಬದಲಿಸಿದಂತೆ.

ಬೇಕೆಂದೇ ವರ್ತಮಾನಕ್ಕೆ ಹೋಗಿದ್ದಾರೋ ಅಥವಾ ಜಾರಿದ್ದೋ, ಹೇಗೆ ಗುರುತಿಸುವುದು?

ಕಟ್ಟೆಯ ಮೇಲೆ ಕೂತು ನಡೆದದ್ದನ್ನು ಹೇಳುವವರು ‘ಹಿಂಗ ಹೊಂಟಿದ್ವಿ, ಅಷ್ಟರಾಗ ಅಂವ ಬರ್ತಾನ, ಕೈ ಹಿಡೀತಾನ, ಬಿಡ ಅಂದ್ರ ಬಿಡವಲ್ಲ’ ಎಂದು ಮಾತು ಓಡಿಸುತ್ತಾರೆ. ಕಥೆಯ ನಿರೂಪಕ ಇದೇ ಜಾಡಿನವನಾದರೆ ಆ ವರ್ತಮಾನ ಅವನ ಶೈಲಿ. ಅದನ್ನು ಸಾದಾ ಭೂತಕ್ಕೆ ಇಳಿಸಿದರೆ ಕಥೆಯ ಉಸಿರೇ ಹೋಗುತ್ತದೆ.

ಮೂರು ಗುರುತು ನೋಡಿ. ಬೇಕೆಂದು ಮಾಡಿದ್ದು ಸಾಮಾನ್ಯವಾಗಿ ಗುಂಪಾಗಿ ಬರುತ್ತದೆ, ಮೂರು ನಾಲ್ಕು ಕ್ರಿಯಾಪದ ಒಟ್ಟಿಗೆ. ಒಂಟಿಯಾಗಿ ಬಂದದ್ದರ ಮೇಲೆ ಅನುಮಾನ ಪಡಬಹುದು. ಎರಡನೆಯದು ಜಾಗ: ಬೇಕೆಂದು ಮಾಡಿದವರು ಘಟನೆ ಬಿಗಿಯಾಗುವ ಕಡೆ ಒಳಹೋಗಿ, ಬಿಗಿ ಸಡಿಲಾದ ಕಡೆ ಹೊರಬರುತ್ತಾರೆ. ಚಹಾ ಕುಡಿಯುವ, ಚಪ್ಪಲಿ ಬಿಡುವ ವಾಕ್ಯದಲ್ಲಿ ವರ್ತಮಾನ ಬಂದರೆ ಅದು ಜಾರಿದ್ದೇ ಇರಬೇಕು. ಮೂರನೆಯದು, ಅದೇ ಆಟ ಕಥೆಯಲ್ಲಿ ಇನ್ನೊಂದು ಕಡೆಯಾದರೂ ಇದೆಯೇ ಎಂಬುದು. ಇಡೀ ಕಥೆಯಲ್ಲಿ ಒಂದೇ ಸಲ ಇದ್ದರೆ ತಿದ್ದದೆ ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಕೇಳಿ.

ಎಂದಿಗೂ ನಿಜವಾದ ಸಂಗತಿಗಳೂ ವರ್ತಮಾನದಲ್ಲಿ ಇರಬಹುದು. ‘ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೊಡತೈತಿ, ಖಾರ ಕಡಿಮಿ’ ಎಂಬ ವಾಕ್ಯ ಭೂತಕಾಲದ ಕಥೆಯೊಳಗೂ ಸರಿಯೇ. ‘ಕೊಡತಿತ್ತು’ ಮಾಡಿದರೆ ಈಗ ಕೊಡುವುದಿಲ್ಲವೇನೋ ಅನಿಸುತ್ತದೆ.

ಹಿಂದಿನದನ್ನು ನೆನೆಯುವ ಭಾಗದಲ್ಲಿ ‘ಬಂದಿದ್ದ, ಹೋಗಿದ್ದ, ಕೊಟ್ಟಿದ್ದ’ ಎಂದು ಸಾಲುಸಾಲಾಗಿ ಬರಬೇಕೆ?

ಬೇಡ. ನೆನಪು ಶುರುವಾಗುವಾಗ ಎರಡು ಮೂರು ಕ್ರಿಯಾಪದಕ್ಕೆ ‘ಇದ್ದ’ ಸೇರಿಸಿದರೆ ಓದುವವರು ಹಿಂದಕ್ಕೆ ಹೋಗಿರುತ್ತಾರೆ. ಆಮೇಲೆ ಸಾದಾ ಭೂತದಲ್ಲೇ ಹೇಳಿ. ವಾಪಸ್ ಬರುವಾಗ ಒಂದು ಗಟ್ಟಿ ಗುರುತು ಕೊಡಿ: ಬಸ್ಸಿನ ಹಾರ್ನ್, ಯಾರೋ ಕರೆದದ್ದು, ಏನಾದರೂ ಕಥೆಯ ಈಗಿನ ಜಾಗದ್ದು. ಬಹುತೇಕ ಕರಡುಗಳಲ್ಲಿ ಕೆಟ್ಟಿರುವುದು ಹಿಂದೆ ಹೋಗುವ ಬಾಗಿಲಲ್ಲ, ವಾಪಸ್ ಬರುವ ಬಾಗಿಲು.

ನೋಟ ಬದಲಾಯಿತು ಎಂದು ಯಾವುದರಿಂದ ಹೇಳಬಹುದು?

ಕಥೆ ಒಬ್ಬರ ನೋಟದಲ್ಲಿ ನಡೆಯುತ್ತಿದ್ದರೆ ಅವರಿಗೆ ಕಂಡದ್ದು, ಕೇಳಿದ್ದು, ಅನಿಸಿದ್ದು ಮಾತ್ರ ಬರಬೇಕು. ಕನ್ನಡದಲ್ಲಿ ಅನಿಸಿಕೆಯ ವಾಕ್ಯಗಳನ್ನು ಹಿಡಿಯುವುದು ಸುಲಭ: ‘ಅವನಿಗೆ ಸಿಟ್ಟು ಬಂತು’, ‘ಅವಳಿಗೆ ನೆನಪಾಯಿತು’, ‘ಅಜ್ಜನಿಗೆ ಹಸಿವಾಯಿತು’. ‘ಇಗೆ, ಗೆ, ಗ’ ಹಚ್ಚಿ ಮನಸ್ಸಿನ ಅಥವಾ ಮೈಯೊಳಗಿನ ಮಾತು ಬಂದ ಕಡೆಯೆಲ್ಲ ನಿಂತು, ಇದು ಯಾರ ಒಳಗು ಎಂದು ಕೇಳಿ. ನೋಟದ ಪಾತ್ರದ್ದಲ್ಲವಾದರೆ ಹೊರಗಿನಿಂದ ಕಾಣುವ ರೂಪಕ್ಕೆ ತನ್ನಿ: ‘ಸಿಟ್ಟು ಬಂದಂಗ ಕಾಣತು’, ‘ಹುಬ್ಬು ಗಂಟಾತು’. ಎರಡನೆಯದು ಮೇಲು. ‘ಕಾಣತು, ಅನಿಸ್ತು’ ಪುಟ ತುಂಬಾ ಬಿದ್ದರೆ ಬೇಸರ.

ಎರಡನೆಯ ಗುರುತು ಸಂಬಂಧದ ಪದ. ಸೊಸೆಯ ನೋಟದಲ್ಲಿ ‘ಅತ್ತಿ ನೀರು ತಂದಳು’ ಎಂದಿದ್ದ ನಿರೂಪಣೆ ನಡುವೆ ‘ಬಸವ್ವ ನೀರು ತಂದಳು’ ಎಂದಾದರೆ ಒಂದು ಹೆಜ್ಜೆ ದೂರ ಸರಿದಿದೆ. ‘ಅವ್ವ’ ಎಂದಾದರೆ ಮಗನ ನೋಟಕ್ಕೆ ಹಾರಿದೆ. ಒಬ್ಬೊಬ್ಬ ಪಾತ್ರವನ್ನು ನಿರೂಪಣೆ ಏನೆಂದು ಕರೆಯುತ್ತದೆ ಎಂದು ಚೀಟಿಯಲ್ಲಿ ಬರೆದಿಡಿ. ಕಾಕಾ, ಮಾಂವ, ಯಕ್ಕ ಎಲ್ಲದಕ್ಕೂ ಇದೇ ಮಾತು. ‘ಬಂದ’, ‘ಬಂದರು’ ಎಂಬ ಗೌರವದ ವ್ಯತ್ಯಾಸವೂ ಹಾಗೆಯೇ: ಮಾಸ್ತರರನ್ನು ಹುಡುಗ ‘ಬಂದರು’ ಅನ್ನುತ್ತಾನೆ, ಅವರ ಹೆಂಡತಿ ಹಾಗೆ ಅನ್ನಬಹುದು, ಅವರ ಅವ್ವ ಅನ್ನುವುದಿಲ್ಲ.

ಮೂರನೆಯದು ‘ತಾನು’. ‘ಮುದುಕ ತನ್ನ ಕಡೆ ನೋಡಿದ’ ಎಂಬಲ್ಲಿ ‘ತನ್ನ’ ಎಂದರೆ ನೀಲವ್ವ ಎಂದು ಓದುವವರಿಗೆ ಅರ್ಥವಾದರೆ ಆ ವಾಕ್ಯ ಅವಳ ಮನಸ್ಸಿನೊಳಗಿಂದ ಬಂದದ್ದು. ಗೊಂದಲವಾದೀತು ಎಂದು ಅದನ್ನು ‘ಅವಳ ಕಡೆ’ ಮಾಡಿದರೆ ತಿದ್ದಿದವರೇ ನೋಟವನ್ನು ಹೊರಗೆ ತಳ್ಳಿದಂತೆ. ಅಂಥ ‘ತಾನು’ ಇದ್ದ ಕಡೆ ಕೈ ತಡೆಯಿರಿ. ‘ಬಂದ, ಹೋದ’ಗಳೂ ದಿಕ್ಕು ತೋರಿಸುತ್ತವೆ. ಒಳಗಿರುವವಳ ನೋಟದಲ್ಲಿ ಅಣ್ಣ ಮನೆಗೆ ‘ಬಂದ’ ಆಗಬೇಕು.

ಒಂದು ತುಣುಕನ್ನು ತಿದ್ದಿ ತೋರಿಸುತ್ತೀರಾ?

ಈ ಪುಟಕ್ಕೆಂದೇ ಬರೆದ ಕರಡು ಇದು. ಸಾದಾ ಭೂತಕಾಲ, ನೀಲವ್ವನ ನೋಟ.

> ನೀಲವ್ವ ಗದಗ ಬಸ್‌ಸ್ಟ್ಯಾಂಡಿನ್ಯಾಗ ಚೀಲ ಹಿಡಕೊಂಡು ಕುಂತಿದ್ದಳು. ಹುಬ್ಬಳ್ಳಿ ಬಸ್ಸು ಇನ್ನೂ ಬಂದಿಲ್ಲ. ಮಗ್ಗಲಕ ಕುಂತ ಮುದುಕ ತಂಬಾಕ ತಿಕ್ಕಾಕತ್ತಿದ್ದ. ಅಂವಗ ಈ ಹೆಣಮಗಳನ್ನ ಎಲ್ಲೋ ನೋಡಿದಂಗ ಅನಿಸ್ತು. “ಯಾವೂರವ್ವಾ ತಂಗಿ?” ಅಂತ ಕೇಳತಾನ. ಹೇಳಬೇಕೋ ಬ್ಯಾಡೋ ಅಂತ ನೀಲವ್ವ ವಿಚಾರ ಮಾಡಿದಳು. ಅಣ್ಣ ಊರಾಗಿಲ್ಲ, ಅವ್ವಗ ಕಣ್ಣು ಕಾಣಂಗಿಲ್ಲ. ಶಾಂತವ್ವ ಮಗಳ ದಾರಿ ಕಾಯಕೋತ ಕಟ್ಟಿ ಮ್ಯಾಲ ಕುಂತಿದ್ದಳು. “ಅಣ್ಣಿಗೇರಿ,” ಅಂದಳು. ಮುದುಕನ ಮಾರಿ ಅರಳತು.

‘ಬಂದಿಲ್ಲ’ ಜಾರಿದೆ. ಹಿಂದೆಯೂ ಮುಂದೆಯೂ ನಿರೂಪಕ ದೃಶ್ಯವನ್ನು ಹೊರಗಿನಿಂದ ಜೋಡಿಸುತ್ತಿದ್ದಾನೆ, ಅವಳ ಮನಸ್ಸಿನ ಮಾತು ಇನ್ನೂ ಶುರುವಾಗಿಲ್ಲ. ‘ಬಂದಿದ್ದಿಲ್ಲ’ ಮಾಡಿದರೆ ಸಾಕು. ‘ಅಂವಗ ಅನಿಸ್ತು’ ಮುದುಕನ ತಲೆಯೊಳಗೆ ಹೊಕ್ಕಿದೆ, ನೀಲವ್ವನಿಗೆ ಅದು ತಿಳಿಯುವಂತಿಲ್ಲ. ಅವಳಿಗೆ ಕಾಣುವುದು ಅವನ ನೋಟ ಮಾತ್ರ, ಅದನ್ನೇ ಬರೆಯಬೇಕು. ‘ಕೇಳತಾನ’ ಒಂಟಿ ವರ್ತಮಾನ, ಬಿಗಿಯಾದ ಜಾಗವೂ ಅಲ್ಲ. ‘ಕೇಳಿದ’.

‘ಅಣ್ಣ ಊರಾಗಿಲ್ಲ, ಅವ್ವಗ ಕಣ್ಣು ಕಾಣಂಗಿಲ್ಲ’ ಎಂಬುದೂ ವರ್ತಮಾನವೇ. ಆದರೆ ಅದನ್ನು ಮುಟ್ಟಬಾರದು. ಅದರ ಹಿಂದೆಯೇ ‘ವಿಚಾರ ಮಾಡಿದಳು’ ಇದೆ, ‘ಅಣ್ಣ, ಅವ್ವ’ ಎಂಬುವು ಅವಳ ಪದಗಳು. ಅವಳ ತಲೆಯೊಳಗಿನ ಮಾತು ಚಿಹ್ನೆಯಿಲ್ಲದೆ ಬಂದಿದೆ, ಅಷ್ಟೆ. ‘ಅಣ್ಣ ಊರಾಗ ಇದ್ದಿಲ್ಲ’ ಎಂದು ತಿದ್ದಿದರೆ ಅವಳ ಅಳುಕು ಬರೀ ಮಾಹಿತಿಯಾಗುತ್ತದೆ. ತುಣುಕಿನಲ್ಲಿ ತಿದ್ದುವವರು ಎಡವುವುದು ಇಲ್ಲಿಯೇ.

ಆಮೇಲೆ ‘ಶಾಂತವ್ವ’. ನೋಟ ಬಸ್‌ಸ್ಟ್ಯಾಂಡ್ ಬಿಟ್ಟು ಅಣ್ಣಿಗೇರಿಯ ಕಟ್ಟೆಗೆ ಹೋಗಿದೆ, ಅವ್ವ ಹೆಸರಿನವಳಾಗಿದ್ದಾಳೆ. ನೀಲವ್ವನ ಊಹೆಯಾಗಿ ಉಳಿಸಿದರೆ ವಾಕ್ಯ ಬಿಡಬೇಕಿಲ್ಲ: ‘ಕುಂತಿರಬೇಕು’. ಕೊನೆಯಲ್ಲಿ ಮಾರಿ ಅರಳಿದ್ದು ಕಣ್ಣಿಗೆ ಕಂಡದ್ದು, ಹಾಗೇ ಇರಲಿ.

> ನೀಲವ್ವ ಗದಗ ಬಸ್‌ಸ್ಟ್ಯಾಂಡಿನ್ಯಾಗ ಚೀಲ ಹಿಡಕೊಂಡು ಕುಂತಿದ್ದಳು. ಹುಬ್ಬಳ್ಳಿ ಬಸ್ಸು ಇನ್ನೂ ಬಂದಿದ್ದಿಲ್ಲ. ಮಗ್ಗಲಕ ಕುಂತ ಮುದುಕ ತಂಬಾಕ ತಿಕ್ಕಾಕತ್ತಿದ್ದ. ಎಲ್ಲೋ ನೋಡಿದವರಂಗ ತನ್ನ ಕಡೆ ಎರಡು ಸಲ ತಿರುಗಿದ. “ಯಾವೂರವ್ವಾ ತಂಗಿ?” ಅಂತ ಕೇಳಿದ. ಹೇಳಬೇಕೋ ಬ್ಯಾಡೋ ಅಂತ ನೀಲವ್ವ ವಿಚಾರ ಮಾಡಿದಳು. ಅಣ್ಣ ಊರಾಗಿಲ್ಲ, ಅವ್ವಗ ಕಣ್ಣು ಕಾಣಂಗಿಲ್ಲ. ದಾರಿ ಕಾಯಕೋತ ಕಟ್ಟಿ ಮ್ಯಾಲ ಕುಂತಿರಬೇಕು. “ಅಣ್ಣಿಗೇರಿ,” ಅಂದಳು. ಮುದುಕನ ಮಾರಿ ಅರಳತು.

ಹತ್ತು ವಾಕ್ಯಗಳಲ್ಲಿ ನಾಲ್ಕು ಮಾತ್ರ ಬದಲಾದವು, ಅವುಗಳಲ್ಲಿ ಎರಡು ಬರೀ ಕ್ರಿಯಾಪದದ ಕೊನೆ. ‘ಎರಡು ಸಲ ತಿರುಗಿದ’ ಮಾತ್ರ ತಿದ್ದಿದವರ ಸೇರ್ಪಡೆ. ಆದ್ದರಿಂದ ಅದು ಸಲಹೆ, ಕಥೆಗಾರರು ಬೇರೆ ಏನಾದರೂ ಬರೆದುಕೊಳ್ಳಲಿ ಎಂದು ಅಂಚಿನಲ್ಲಿ ಗುರುತು ಹಾಕಬೇಕು.

‘ನಾನು’ ಎಂದು ಹೇಳುವ ಕಥೆಯಲ್ಲಿ ನೋಟ ಬದಲಾಗುವ ಪ್ರಶ್ನೆ ಇದೆಯೇ?

ಇದೆ, ಬೇರೆ ರೀತಿ. ದೊಡ್ಡವನಾದ ‘ನಾನು’ ತನ್ನ ಹುಡುಗತನದ ಕಥೆ ಹೇಳುವಾಗ ಎರಡು ಹೊತ್ತು ಇರುತ್ತವೆ, ನಡೆದ ಹೊತ್ತು ಮತ್ತು ಹೇಳುವ ಹೊತ್ತು. ‘ಅಪ್ಪ ಯಾಕ ಸುಮ್ಮನಿದ್ದ ಅನ್ನೂದು ನನಗ ಈಗ ತಿಳೀತೈತಿ’ ಎಂಬ ವರ್ತಮಾನ ಹೇಳುವ ಹೊತ್ತಿನದು, ಅದು ಸರಿ. ಕೆಡುವುದು ಎಂಟು ವರ್ಷದ ಹುಡುಗನ ಕಣ್ಣಿನಿಂದ ನೋಡುತ್ತಿದ್ದ ಪ್ಯಾರಾದ ನಡುವೆ ಸಾಲದ ಬಡ್ಡಿಯ ತಿಳಿವಳಿಕೆ ನುಸುಳಿದಾಗ. ಆ ವಾಕ್ಯಕ್ಕೆ ‘ಈಗ’, ‘ಆಮ್ಯಾಲ ಗೊತ್ತಾತು’ ಎಂಬ ಗುರುತು ಹಾಕಿದರೆ ನಿಲ್ಲುತ್ತದೆ, ಇಲ್ಲವಾದರೆ ತೆಗೆಯಬೇಕು.

ಎಲ್ಲರ ಮನಸ್ಸೂ ತಿಳಿದ ನಿರೂಪಕ ಇದ್ದರೆ?

ಊರ ಬಾಯಿಯಂತೆ ಎಲ್ಲವನ್ನೂ ಬಲ್ಲ ನಿರೂಪಕನಾದರೆ ಮನಸ್ಸಿನಿಂದ ಮನಸ್ಸಿಗೆ ಹೋಗುವುದು ತಪ್ಪಲ್ಲ. ಮೊದಲ ಪುಟದಲ್ಲೇ ಅವನು ಹಾಗೆ ಓಡಾಡಿದ್ದಾನೆಯೇ ನೋಡಿ. ಆರು ಪುಟ ಒಬ್ಬಳ ಬೆನ್ನಿಗೆ ಇದ್ದು ಏಳನೆಯ ಪುಟದಲ್ಲಿ ಒಮ್ಮೆ ಮಾತ್ರ ಪೊಲೀಸಿನ ಮನಸ್ಸಿಗೆ ಹೋದರೆ ಅದು ಊರ ಬಾಯಲ್ಲ.

ಕಂಪ್ಯೂಟರ್‌ನಲ್ಲಿ ಹುಡುಕಿ ತಿದ್ದಬಹುದೆ?

ಹುಡುಕಬಹುದು, ಒಟ್ಟಿಗೇ ಬದಲಿಸಬಾರದು. Ctrl+F ಒತ್ತಿ ‘ತ್ತಾನೆ’, ‘ತ್ತಾಳೆ’, ‘ತ್ತದೆ’, ‘ದ್ದಾನೆ’, ಆಡುಮಾತಿಗೆ ‘ತಾನ’, ‘ತಾಳ’, ‘ತೈತಿ’, ‘ದೈತಿ’ ಎಂದು ಒಂದೊಂದಾಗಿ ನೋಡಿ. ‘ಐತಿ’ ಎಂದು ಹುಡುಕಿದರೆ ‘ಬಂದೈತಿ’ ಸಿಗುವುದಿಲ್ಲ, ‘ಇಲ್ಲ’ ಎಂದರೆ ‘ಬಂದಿಲ್ಲ’ ಸಿಗುವುದಿಲ್ಲ. ಸ್ವರ ಅಕ್ಷರವಾಗಿ ಬೇರೆ, ಗುಣಿತವಾಗಿ ಬೇರೆ. ಅದಕ್ಕೇ ‘ದಿಲ್ಲ’, ‘ಂಗಿಲ್ಲ’ ಎಂದು ಹಾಕಬೇಕು. ‘ತಾನ’ ಹುಡುಕಿದರೆ ‘ತಾನು’ವೂ ‘ಸಂತಾನ’ವೂ ಬಂದಾವು. ಹಳೆಯ ನುಡಿ ಫಾಂಟಿನ ಕಡತವಾದರೆ ಮೊದಲು ಯೂನಿಕೋಡಿಗೆ ಬದಲಿಸಿ, ಬದಲಿಸಿದ ಮೇಲೆ ಒತ್ತಕ್ಷರಗಳು ಉಳಿದಿವೆಯೇ ಎಂದು ಮೂಲದ ಜೊತೆ ಹೋಲಿಸಿ.

ಕಥೆಗಾರರಿಗೆ ಹೇಗೆ ಒಪ್ಪಿಸಬೇಕು?

ಟ್ರ್ಯಾಕ್ ಚೇಂಜಸ್ ಹಾಕಿಯೇ ಕೆಲಸ ಮಾಡಿ. ಖಚಿತವಾಗಿ ಜಾರಿದ್ದನ್ನು ನೇರವಾಗಿ ತಿದ್ದಿ, ಅನುಮಾನವಿದ್ದದ್ದಕ್ಕೆ ಅಂಚಿನಲ್ಲಿ ಒಂದು ಸಾಲು ಬರೆಯಿರಿ: ‘ಇದು ನೀಲವ್ವನ ಮನಸ್ಸಿನ ಮಾತೇ? ಹೌದಾದರೆ ಹೀಗೇ ಇರಲಿ.’ ಹೌದು ಅಥವಾ ಇಲ್ಲ ಎಂದು ಉತ್ತರಿಸಲು ಬರುವಂತೆ ಕೇಳಿ. ‘ಇಲ್ಲಿ ಏನೋ ಸರಿಯಿಲ್ಲ’ ಎಂದು ಬರೆದರೆ ಅವರು ಇಡೀ ಪ್ಯಾರಾ ಹೊಸದಾಗಿ ಬರೆಯುತ್ತಾರೆ, ಅದರಲ್ಲಿ ಹೊಸ ತಪ್ಪು ಇರುತ್ತವೆ. ಕೊನೆಗೆ ಬದಲಾದ ಪ್ಯಾರಾಗಳನ್ನು ಆ ಕಡೆಯ ಮಾತು ಬಲ್ಲವರಿಂದ ಜೋರಾಗಿ ಓದಿಸಿ. ಓದುವವರ ನಾಲಿಗೆ ‘ಬಂದಿರಲಿಲ್ಲ’ದ ಹತ್ತಿರ ತಡವರಿಸಿದರೆ ಆ ರೂಪ ನಿಮ್ಮದು, ನಿರೂಪಕನದಲ್ಲ.